ವಿಡಿಯೊ ಸೆಲ್ಫಿ ತಪಾಸಣೆ ಪದೇ ಪದೇ ಫೇಲ್ ಆಗುತ್ತಿದೆಯೇ? ಎಡವುತ್ತಿರುವುದು ಎಲ್ಲಿ ಎಂದು ಮೊದಲು ತಿಳಿಯಿರಿ

ನವದೆಹಲಿ: ಬ್ಯಾಂಕ್ ಖಾತೆ ತೆರೆಯಬೇಕು, ಪಿಂಚಣಿಗಾಗಿ ಜೀವನ ಪ್ರಮಾಣಪತ್ರ ಸಲ್ಲಿಸಬೇಕು, ಕ್ಯಾಬ್ ಚಾಲಕರಾಗಿದ್ದರೆ ದಿನದ ಕೆಲಸ ಶುರು ಮಾಡಬೇಕು. ಈಗ ಇದಕ್ಕೆಲ್ಲ ಮೊಬೈಲ್ ಕ್ಯಾಮೆರಾ ಮುಂದೆ ಮುಖ ತೋರಿಸಿ, ಕಣ್ಣು ಮಿಟುಕಿಸಿ ‘ನಾನೇ ಇವನು’ ಎಂದು ಸಾಬೀತುಪಡಿಸಬೇಕಾದ ಕಾಲ. ಹೆಚ್ಚಿನವರಿಗೆ ಇದು ಅರ್ಧ ನಿಮಿಷದ ಕೆಲಸ. ಆದರೆ ಕೋಣೆಯ ಬೆಳಕು, ಕನ್ನಡಕ, ಗಡ್ಡ, ವಯಸ್ಸು ಅಥವಾ ಮುಖದ ಮೇಲಿನ ಗಾಯದ ಕಾರಣದಿಂದ ಕೆಲವರಿಗೆ ಎಷ್ಟು ಬಾರಿ ಪ್ರಯತ್ನಿಸಿದರೂ ಬರುವುದು ಒಂದೇ ಉತ್ತರ: ಪರಿಶೀಲನೆ ವಿಫಲ.

ಈ ಸಮಸ್ಯೆ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಏರಿತ್ತು. ಅಲ್ಲಿ 2025ರ ಏಪ್ರಿಲ್ 30ರಂದು ಬಂದ ತೀರ್ಪು ಇಂದು ಪ್ರತಿಯೊಬ್ಬ ಗ್ರಾಹಕನಿಗೂ ಉಪಯೋಗಕ್ಕೆ ಬರುವಂಥದ್ದು. ತಪಾಸಣೆ ಏಕೆ ವಿಫಲವಾಗುತ್ತದೆ, ಕಾರಣ ಪತ್ತೆ ಹಚ್ಚುವುದು ಹೇಗೆ, ಏನು ಮಾಡಿದರೂ ಆಗದಿದ್ದಾಗ ಇರುವ ದಾರಿ ಯಾವುದು? ಇಲ್ಲಿದೆ ವಿವರ.

ಕಣ್ಣು ಮಿಟುಕಿಸಲಾಗದವರ ಪ್ರಶ್ನೆ

ಪ್ರಜ್ಞಾ ಪ್ರಸೂನ್ ಆ್ಯಸಿಡ್ ದಾಳಿಯಿಂದ ಬದುಕುಳಿದವರು. ತಮ್ಮಂತೆಯೇ ದಾಳಿಗೆ ತುತ್ತಾದವರಿಗಾಗಿ ಬೆಂಗಳೂರಿನಲ್ಲಿ ಅತಿಜೀವನ್ ಫೌಂಡೇಷನ್ ನಡೆಸುತ್ತಿದ್ದಾರೆ. 2023ರ ಜುಲೈನಲ್ಲಿ ಅವರು ಐಸಿಐಸಿಐ ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದರು. ಡಿಜಿಟಲ್ ಕೆವೈಸಿಯ ವೇಳೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಿತ್ತು. ದಾಳಿಯಲ್ಲಿ ಕಣ್ಣು, ಮುಖಕ್ಕೆ ಆದ ಹಾನಿಯಿಂದಾಗಿ ಅದು ಅವರಿಗೆ ಸಾಧ್ಯವಾಗಲಿಲ್ಲ. ಅವರು ಬ್ಯಾಂಕಿನಲ್ಲೇ ಎದುರಿಗೆ ಇದ್ದರೂ ‘ಜೀವಂತ ವ್ಯಕ್ತಿ’ ಎಂಬುದನ್ನು ತಂತ್ರಾಂಶ ಒಪ್ಪಲಿಲ್ಲ. ವಿಷಯ ಸಾರ್ವಜನಿಕವಾಗಿ ಚರ್ಚೆಯಾದ ಬಳಿಕ ಬ್ಯಾಂಕ್ ಅವರಿಗೆ ವಿನಾಯಿತಿ ನೀಡಿತು.

ಒಬ್ಬರಿಗೆ ವಿನಾಯಿತಿ ಸಿಕ್ಕರೆ ಉಳಿದವರ ಗತಿಯೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಪ್ರಜ್ಞಾ ಮತ್ತು ಇತರರು 2024ರಲ್ಲಿ ಸುಪ್ರೀಂ ಕೋರ್ಟ್‌ಗೆ ರಿಟ್ ಅರ್ಜಿ ಸಲ್ಲಿಸಿದರು. ದೃಷ್ಟಿದೋಷವುಳ್ಳ ವಕೀಲ ಅಮರ್ ಜೈನ್ ಅವರೂ ಪ್ರತ್ಯೇಕ ಅರ್ಜಿ ಹಾಕಿದರು. ಮುಖವನ್ನು ಚೌಕಟ್ಟಿನೊಳಗೆ ಹಿಡಿಯಿರಿ, ಬೆಳಕಿನ ಕಡೆ ತಿರುಗಿ ಎಂದು ಪರದೆ ಹೇಳಿದರೆ ಕಣ್ಣು ಕಾಣದವರು ಅದನ್ನು ಪಾಲಿಸುವುದು ಹೇಗೆ ಎಂಬುದು ಅಂಥವರ ತೊಂದರೆಯಾಗಿತ್ತು.

ನ್ಯಾಯಮೂರ್ತಿ ಜೆ.ಬಿ. ಪಾರ್ದೀವಾಲಾ ಮತ್ತು ನ್ಯಾಯಮೂರ್ತಿ ಆರ್. ಮಹದೇವನ್ ಅವರ ಪೀಠ ಎರಡೂ ಅರ್ಜಿಗಳನ್ನು ಒಟ್ಟಿಗೆ ವಿಚಾರಣೆ ನಡೆಸಿತು. ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುವ ಬದುಕುವ ಹಕ್ಕಿನ ಭಾಗ ಎಂದು ಹೇಳಿ, 20 ನಿರ್ದೇಶನಗಳನ್ನು ನೀಡಿತು. ಅವುಗಳಿಂದ ಜನಸಾಮಾನ್ಯರಿಗೆ ಆಗುವ ಉಪಯೋಗವನ್ನು ಮುಂದೆ ನೋಡೋಣ. ಅದಕ್ಕೂ ಮೊದಲು ಕ್ಯಾಮೆರಾ ಮುಂದೆ ನಿಂತಾಗ ಏನು ನಡೆಯುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು.

ಸೆಲ್ಫಿ ಒಂದೇ, ಪರೀಕ್ಷೆ ಮೂರು

ನಮಗೆ ಕಾಣುವುದು ಒಂದೇ ವಿಡಿಯೊ. ಆದರೆ ಅದರೊಳಗೆ ಸಾಮಾನ್ಯವಾಗಿ ಮೂರು ಪರೀಕ್ಷೆಗಳು ಒಂದರ ಹಿಂದೆ ಒಂದು ನಡೆಯುತ್ತವೆ.

ಮೊದಲನೆಯದು ಚಿತ್ರದ ಗುಣಮಟ್ಟ. ಚೌಕಟ್ಟಿನಲ್ಲಿ ಮುಖವಿದೆಯೇ, ಒಂದೇ ಮುಖವಿದೆಯೇ, ಸಾಕಷ್ಟು ಬೆಳಕಿದೆಯೇ, ಚಿತ್ರ ಮಸುಕಾಗಿದೆಯೇ ಎಂದು ಆ್ಯಪ್ ನೋಡುತ್ತದೆ.

ಎರಡನೆಯದು ಲೈವ್‌ನೆಸ್ ಪರೀಕ್ಷೆ. ಎದುರಿಗಿರುವುದು ಉಸಿರಾಡುವ ಮನುಷ್ಯನೋ ಅಥವಾ ಯಾರೋ ಹಿಡಿದಿರುವ ಫೋಟೊ, ವಿಡಿಯೊವೋ ಎಂದು ಕಂಡುಕೊಳ್ಳುವ ಹಂತವಿದು. ಕಣ್ಣು ಮಿಟುಕಿಸಿ, ತಲೆ ತಿರುಗಿಸಿ ಎಂಬ ಸೂಚನೆ ಬರುವುದು ಇದಕ್ಕಾಗಿಯೇ.

ಮೂರನೆಯದು ಹೋಲಿಕೆ. ಈಗ ತೆಗೆದ ಮುಖವನ್ನು ತಂತ್ರಾಂಶ ಸಂಖ್ಯೆಗಳ ಸಾಲಾಗಿ ಬದಲಿಸಿ, ಮೊದಲೇ ದಾಖಲೆಯಲ್ಲಿರುವ ಚಿತ್ರದ ಜತೆ ಹೋಲಿಸುತ್ತದೆ. ಎರಡೂ ಎಷ್ಟು ಹತ್ತಿರವಾಗಿವೆ ಎಂಬುದಕ್ಕೆ ಒಂದು ಅಂಕ ಬರುತ್ತದೆ. ಸಂಸ್ಥೆ ನಿಗದಿ ಮಾಡಿದ ಕಟ್‌ಆಫ್ ದಾಟಿದರೆ ಪಾಸ್, ಇಲ್ಲದಿದ್ದರೆ ಫೇಲ್.

ಈ ಕಟ್‌ಆಫ್ ಎರಡು ಬದಿಯ ಕತ್ತಿ ಇದ್ದಂತೆ. ಅದನ್ನು ಏರಿಸಿದರೆ ಬೇರೆಯವರ ಹೆಸರಲ್ಲಿ ವಂಚಿಸುವವರು ಸಿಕ್ಕಿಬೀಳುತ್ತಾರೆ. ಆದರೆ ಗಡ್ಡ ಬಿಟ್ಟ, ಸೊರಗಿದ, ವಯಸ್ಸಾದ ಅಸಲಿ ವ್ಯಕ್ತಿಗಳೂ ಹೊರಗುಳಿಯುತ್ತಾರೆ. ಇಳಿಸಿದರೆ ಇದರ ಉಲ್ಟಾ ಆಗುತ್ತದೆ. ಹಾಗಾಗಿ ಅಸಲಿ ವ್ಯಕ್ತಿಯೇ ತಿರಸ್ಕೃತನಾಗುವುದು ಎಲ್ಲೋ ಅಪರೂಪಕ್ಕೆ ಆಗುವ ಎಡವಟ್ಟಲ್ಲ. ಇಂಥ ವ್ಯವಸ್ಥೆ ಎಲ್ಲೇ ಇದ್ದರೂ ಒಂದಷ್ಟು ಜನರಿಗೆ ಹೀಗೆ ಆಗಿಯೇ ಆಗುತ್ತದೆ.

ಮೂರರಲ್ಲಿ ಯಾವ ಪರೀಕ್ಷೆ ಕೈಕೊಟ್ಟರೂ ಹಲವು ಆ್ಯಪ್‌ಗಳು ತೋರಿಸುವುದು ಒಂದೇ ಸಂದೇಶ. ಆದರೆ ಪರಿಹಾರ ಮಾತ್ರ ಮೂರಕ್ಕೂ ಬೇರೆ ಬೇರೆ. ಹೋಲಿಕೆಯಲ್ಲಿ ಸಮಸ್ಯೆ ಇದ್ದಾಗ ಇಡೀ ದಿನ ಬಲ್ಬ್ ಬದಲಿಸುತ್ತಾ ಕೂತರೆ ಪ್ರಯೋಜನವಿಲ್ಲ.

ಬೆಳಕು: ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ

ಬೆನ್ನ ಹಿಂದೆ ಕಿಟಕಿ ಅಥವಾ ಬಾಲ್ಕನಿ ಇದ್ದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪಾಗಿಸುತ್ತದೆ. ನಮ್ಮ ಕಣ್ಣಿಗೆ ಕೋಣೆ ಚೆನ್ನಾಗಿಯೇ ಬೆಳಗಿರುವಂತೆ ಕಂಡರೂ ಕ್ಯಾಮೆರಾಗೆ ಕಣ್ಣು, ಮೂಗಿನ ಅಂಚುಗಳು ಸಿಗುವುದಿಲ್ಲ. ಮಂದ ಬೆಳಕಿನಲ್ಲಿ ಬೇರೊಂದು ತೊಂದರೆ. ಸಾಕಷ್ಟು ಬೆಳಕು ಸೇರಿಸಿಕೊಳ್ಳಲು ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಆಗ ತಲೆ ಸ್ವಲ್ಪ ವೇಗವಾಗಿ ತಿರುಗಿದರೂ ಚಿತ್ರ ಕಲಸಿಹೋಗುತ್ತದೆ.

ಹಾಗೆಂದು ಮಧ್ಯಾಹ್ನದ ಬಿಸಿಲಿಗೆ ಹೋಗಿ ನಿಲ್ಲುವುದೂ ಸರಿಯಲ್ಲ. ಕೆಲವು ಆ್ಯಪ್‌ಗಳು ಫೋನಿನ ಪರದೆಯ ಮೇಲೆ ಒಂದರ ಹಿಂದೆ ಒಂದು ಬಣ್ಣ ಮಿನುಗಿಸಿ, ಆ ಬಣ್ಣ ಮುಖದ ಚರ್ಮದ ಮೇಲೆ ಹೇಗೆ ಪ್ರತಿಫಲಿಸುತ್ತದೆ ಎಂದು ನೋಡುತ್ತವೆ. ಅದು ಕೂಡ ಲೈವ್‌ನೆಸ್ ಪರೀಕ್ಷೆಯೇ. ಬಿಸಿಲಿನಲ್ಲಿ ಪರದೆಯ ಆ ಸಣ್ಣ ಬೆಳಕು ಮುಖದ ಮೇಲೆ ಕಾಣಿಸುವುದೇ ಇಲ್ಲ. ಪರದೆ ಬಣ್ಣ ಬದಲಿಸುತ್ತಿದ್ದರೆ ಒಳಗೆ ಬಂದು, ಬ್ರೈಟ್‌ನೆಸ್ ಪೂರ್ತಿ ಏರಿಸಿ ಪ್ರಯತ್ನಿಸುವುದು ಒಳ್ಳೆಯದು. ಬೇರೆ ಬಗೆಯ ಆ್ಯಪ್‌ಗಳಿಗೆ ಹಗಲಿನಲ್ಲಿ ಕಿಟಕಿಗೆ ಮುಖ ಮಾಡಿ ಕೂರುವುದೇ ಅತ್ಯುತ್ತಮ ಬೆಳಕು.

ಕನ್ನಡಕದಿಂದ ಏನು ತೊಂದರೆ?

ಮುಖ ಹೋಲಿಕೆಯಲ್ಲಿ ಕಣ್ಣು ಮತ್ತು ಅದರ ಸುತ್ತಲಿನ ಭಾಗಕ್ಕೆ ದೊಡ್ಡ ಪಾತ್ರವಿದೆ. ಕನ್ನಡಕದ ಗಾಜಿನ ಮೇಲೆ ಟ್ಯೂಬ್‌ಲೈಟ್ ಅಥವಾ ಫೋನಿನ ಪರದೆ ಪ್ರತಿಫಲಿಸಿದಾಗ ಅದೇ ಭಾಗ ಮುಚ್ಚಿಹೋಗುತ್ತದೆ. ದಪ್ಪ ಫ್ರೇಮ್ ಹುಬ್ಬನ್ನು ಮರೆಮಾಡುತ್ತದೆ.

ಮಿಟುಕಿಸುವ ಪರೀಕ್ಷೆಗೆ ಇದು ಇನ್ನಷ್ಟು ಅಡ್ಡಿ. ಇದನ್ನು ಅಳೆಯುವ ಒಂದು ಸಾಮಾನ್ಯ ವಿಧಾನದಲ್ಲಿ ರೆಪ್ಪೆಗಳ ನಡುವಿನ ಎತ್ತರವನ್ನು ಕಣ್ಣಿನ ಅಗಲಕ್ಕೆ ಹೋಲಿಸುತ್ತಾರೆ. ಕಣ್ಣು ಮುಚ್ಚಿದಾಗ ಆ ಅನುಪಾತ ಥಟ್ಟನೆ ಇಳಿದು, ತೆರೆದಾಗ ಮತ್ತೆ ಏರಬೇಕು. ಗಾಜಿನ ಹೊಳಪಿನಲ್ಲಿ ರೆಪ್ಪೆ ಕಾಣದಿದ್ದರೆ ಈ ಏರಿಳಿತ ಸಿಗುವುದಿಲ್ಲ. ವಯಸ್ಸಿನಿಂದ ರೆಪ್ಪೆ ಜೋತುಬಿದ್ದವರಲ್ಲಿ ಎತ್ತರ ಮೊದಲೇ ಕಡಿಮೆ ಇರುವುದರಿಂದ ಮಿಟುಕಿಸಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಪ್ರಜ್ಞಾ ಅವರಂತೆ ರೆಪ್ಪೆ ಮುಚ್ಚಲಾಗದವರಿಗೆ ಈ ಪರೀಕ್ಷೆ ದಾಟುವ ದಾರಿಯೇ ಇಲ್ಲ.

ಕನ್ನಡಕ ತೆಗೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಆದರೆ ತೆಗೆದ ಮೇಲೆ ಪರದೆಯ ಸೂಚನೆಯೇ ಓದಲು ಆಗದವರು ಬಹಳ ಮಂದಿ ಇದ್ದಾರೆ. ಅಂಥವರು ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಸೂಚನೆ ಬಂದಂತೆ ಓದಿ ಹೇಳಲು ಕೇಳಿಕೊಳ್ಳಬೇಕು. ಪಕ್ಕದವರ ಮುಖ ಮಾತ್ರ ಚೌಕಟ್ಟಿನೊಳಗೆ ಬರಬಾರದು.

ಗಡ್ಡ, ಮುಡಿ, ಬದಲಾದ ರೂಪ

ಗಡ್ಡ ದವಡೆ ಮತ್ತು ಗಲ್ಲದ ಅಂಚನ್ನು ಮರೆಮಾಡುತ್ತದೆ. ಕಣ್ಣು, ಮೂಗು ಸ್ಪಷ್ಟವಾಗಿದ್ದರೆ ಬರೀ ಗಡ್ಡದಿಂದ ತಪಾಸಣೆ ಫೇಲ್ ಆಗಲೇಬೇಕೆಂದಿಲ್ಲ. ಆದರೆ ಹಳೆಯ ಫೋಟೊ, ಹೊಸ ಗಡ್ಡ, ಇಳಿದ ತೂಕ, ಮಂದ ಬೆಳಕು ಎಲ್ಲವೂ ಸೇರಿದಾಗ ಪ್ರತಿಯೊಂದೂ ಅಂಕವನ್ನು ಸ್ವಲ್ಪ ಸ್ವಲ್ಪ ಇಳಿಸಿ, ಒಟ್ಟಾರೆ ಅಂಕ ಕಟ್‌ಆಫ್‌ಗಿಂತ ಕೆಳಗೆ ಬರುತ್ತದೆ. ಆದ್ದರಿಂದ ಗಡ್ಡ ಬೋಳಿಸುವ ಮೊದಲು ಉಳಿದ ಮೂರನ್ನು ಸರಿಪಡಿಸಿ ನೋಡುವುದು ಜಾಣತನ.

ಇಲ್ಲಿ ಕೇಳಬೇಕಾದ ಪ್ರಶ್ನೆ: ಹೋಲಿಕೆ ನಡೆಯುತ್ತಿರುವುದು ಯಾವ ಫೋಟೊದ ಜತೆ? ಆಧಾರ್ ಮುಖ ದೃಢೀಕರಣದಲ್ಲಿ ಅದು ಯುಐಡಿಎಐ ಬಳಿ ಇರುವ ನಿಮ್ಮ ಆಧಾರ್ ಫೋಟೊ. ಮೊದಲ ವರ್ಷಗಳಲ್ಲೇ ಆಧಾರ್ ಮಾಡಿಸಿ ಮತ್ತೆ ಫೋಟೊ ಬದಲಿಸದವರಿಗೆ ಅದು ಹತ್ತು ಹದಿನೈದು ವರ್ಷ ಹಳೆಯದು. ಕ್ಯಾಬ್, ಡೆಲಿವರಿ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಅದು ಕೆಲಸಕ್ಕೆ ಸೇರುವಾಗ ಕಂಪನಿಗೆ ಕೊಟ್ಟ ಪ್ರೊಫೈಲ್ ಫೋಟೊ.

ಎರಡನೆಯ ಬಗೆಯಲ್ಲಿ ಏಟು ನೇರವಾಗಿ ಹೊಟ್ಟೆಪಾಡಿಗೆ ಬೀಳುತ್ತದೆ. ಹೈದರಾಬಾದಿನ ಊಬರ್ ಚಾಲಕರೊಬ್ಬರು ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಬಳಿಕ ಸೆಲ್ಫಿ ತಪಾಸಣೆ ಅವರನ್ನು ಗುರುತಿಸದೆ, ಖಾತೆಯೇ ಬಂದ್ ಆದ ಪ್ರಕರಣ 2022ರಲ್ಲಿ ‘ಎಂಐಟಿ ಟೆಕ್ನಾಲಜಿ ರಿವ್ಯೂ’ ಪತ್ರಿಕೆಯಲ್ಲಿ ವರದಿಯಾಗಿತ್ತು. ಮುಡಿ ಕೊಡುವುದು, ಹರಕೆಗೆ ಗಡ್ಡ ಬಿಡುವುದು ನಮ್ಮಲ್ಲಿ ಮಾಮೂಲು. ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿ ಚಳಿಗಾಲದ ರಾತ್ರಿ ಹೊಂಜಿಗೆ ಮಾಸ್ಕ್, ಮಫ್ಲರ್ ಸುತ್ತಿಕೊಂಡೇ ಬೈಕ್ ಓಡಿಸುವ ಡೆಲಿವರಿ ಹುಡುಗರು ಬೀದಿದೀಪದ ಕೆಳಗೆ ನಿಂತು ಸೆಲ್ಫಿ ಕೊಡಬೇಕಾಗುತ್ತದೆ. ಇಂಥ ಕೆಲಸದಲ್ಲಿರುವವರು ಮುಡಿ ಕೊಡುವ ಅಥವಾ ರೂಪ ಬದಲಿಸುವ ಯೋಚನೆ ಇದ್ದರೆ, ಪ್ರೊಫೈಲ್ ಫೋಟೊ ನವೀಕರಿಸುವುದು ಹೇಗೆ ಎಂದು ಸಹಾಯ ಕೇಂದ್ರದಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಫೇಲ್ ಆಗಿ ಖಾತೆ ಲಾಕ್ ಆದ ಮೇಲೆ ಅದೇ ಕೆಲಸ ಹೆಚ್ಚು ಕಷ್ಟ.

ಒಂದು ಉದಾಹರಣೆ: ದ್ವಾರಕಾದ ಪಿಂಚಣಿದಾರ

ದೆಹಲಿಯ ದ್ವಾರಕಾದಲ್ಲಿ ಮಗನ ಮನೆಯಲ್ಲಿರುವ 73 ವರ್ಷದ ಕನ್ನಡಿಗರೊಬ್ಬರನ್ನು ಕಲ್ಪಿಸಿಕೊಳ್ಳಿ. ಕೇಂದ್ರ ಸರ್ಕಾರದ ನಿವೃತ್ತ ನೌಕರ. ಆಧಾರ್ ಫೋಟೊ 2011ರದ್ದು, ಆಗ ಗಡ್ಡವಿರಲಿಲ್ಲ. ಈಗ ಬಿಳಿ ಗಡ್ಡ, ದಪ್ಪ ಕನ್ನಡಕ.

ಕೇಂದ್ರದ ಪಿಂಚಣಿದಾರರು ಪ್ರತಿ ವರ್ಷ ನವೆಂಬರ್ 30ರೊಳಗೆ ಜೀವನ ಪ್ರಮಾಣಪತ್ರ ಸಲ್ಲಿಸಬೇಕು. 80 ದಾಟಿದವರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ತಪ್ಪಿದರೆ ಪಿಂಚಣಿ ನಿಲ್ಲುತ್ತದೆ, ಪ್ರಮಾಣಪತ್ರ ಸಲ್ಲಿಸಿದ ಬಳಿಕ ಬಾಕಿ ಸಮೇತ ಮತ್ತೆ ಬರುತ್ತದೆ. ಬೆರಳಚ್ಚು ಯಂತ್ರವಿಲ್ಲದೆ ಮೊಬೈಲ್‌ನಲ್ಲೇ ಮುಖ ತೋರಿಸಿ ಸಲ್ಲಿಸುವ ಸೌಲಭ್ಯ 2021ರ ನವೆಂಬರ್‌ನಲ್ಲಿ ಶುರುವಾಯಿತು.

ಇದಕ್ಕೆ ಎರಡು ಆ್ಯಪ್ ಬೇಕು. ಒಂದು ಜೀವನ್ ಪ್ರಮಾಣ್, ಇನ್ನೊಂದು ಯುಐಡಿಎಐನ AadhaarFaceRD. ಎರಡನೆಯದು ಹಿನ್ನೆಲೆಯಲ್ಲಿ ಕೆಲಸ ಮಾಡುವ ಆ್ಯಪ್. ಇನ್‌ಸ್ಟಾಲ್ ಆದರೂ ಫೋನಿನಲ್ಲಿ ಅದರ ಐಕಾನ್ ಕಾಣುವುದಿಲ್ಲ. ಆಗಿಲ್ಲವೆಂದು ಗಾಬರಿ ಬೇಡ. ಜೀವನ್ ಪ್ರಮಾಣ್ ಆ್ಯಪ್ ಮೊದಲು ‘ಆಪರೇಟರ್’ ಮುಖವನ್ನು ಕೇಳುತ್ತದೆ. ಅಂದರೆ ಆ ಫೋನಿನಿಂದ ಅರ್ಜಿ ತುಂಬುವವರು, ಇಲ್ಲಿ ಮಗ. ಆತನ ದೃಢೀಕರಣವಾದ ಮೇಲೆ ಪಿಂಚಣಿದಾರರ ಆಧಾರ್ ಸಂಖ್ಯೆ, ಪಿಪಿಒ ಸಂಖ್ಯೆ, ಖಾತೆ ವಿವರ ತುಂಬಿ, ಕೊನೆಗೆ ತಂದೆಯ ಮುಖ ಸ್ಕ್ಯಾನ್ ಮಾಡಬೇಕು.

ನವೆಂಬರ್ ಕೊನೆಯ ವಾರದಲ್ಲಿ ದೆಹಲಿಯಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಮಗ ಕೆಲಸ ಮುಗಿಸಿ ಬರುವ ಮೊದಲೇ ಒಳ್ಳೆಯ ಬೆಳಕು ಹೋಗಿರುತ್ತದೆ. ಹಾಗಾಗಿ ಅವರು ಭಾನುವಾರ ಮಧ್ಯಾಹ್ನ ಬಾಲ್ಕನಿಗೆ ಬೆನ್ನು ಹಾಕಿ ಕೂತು ಮೊದಲ ಪ್ರಯತ್ನ ಮಾಡುತ್ತಾರೆ. ಚೌಕಟ್ಟು ಮುಖವನ್ನು ಹಿಡಿಯುವುದೇ ಇಲ್ಲ. ಇದು ಮೊದಲ ಪರೀಕ್ಷೆಯ ಸೋಲು. ಕುರ್ಚಿ ತಿರುಗಿಸಿ ಬಾಲ್ಕನಿಯ ಕಡೆ ಮುಖ ಮಾಡಿ, ಮಂಕಿ ಕ್ಯಾಪ್ ತೆಗೆದರೆ ಸರಿಹೋಗುತ್ತದೆ.

ಎರಡನೇ ಬಾರಿ ಚೌಕಟ್ಟು ಮುಖವನ್ನು ಹಿಡಿಯುತ್ತದೆ, ಆದರೆ ಕಣ್ಣು ಮಿಟುಕಿಸುವ ಸೂಚನೆಯಲ್ಲೇ ನಿಂತುಬಿಡುತ್ತದೆ. ಇದು ಎರಡನೇ ಪರೀಕ್ಷೆ. ಕಾರಣ ಕನ್ನಡಕದ ಹೊಳಪು. ಕನ್ನಡಕ ತೆಗೆದು, ಫೋನನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಮಗ ಹೇಳಿದಾಗ ನಿಧಾನವಾಗಿ ಪೂರ್ತಿ ಕಣ್ಣು ಮುಚ್ಚಿ ತೆರೆದರೆ ಅದೂ ದಾಟುತ್ತದೆ.

ಮೂರನೇ ಬಾರಿ ಚಿತ್ರ ಯಶಸ್ವಿಯಾಗಿ ಸೆರೆಯಾಗುತ್ತದೆ, ಕೆಲವು ಕ್ಷಣ ಕಾದ ಮೇಲೆ ದೋಷ ಬರುತ್ತದೆ. ಇದು ಮಹತ್ವದ ಸುಳಿವು. ಫೋನಿನ ಕೆಲಸ ಮುಗಿದಿದೆ, ತೊಡಕಿರುವುದು ಅತ್ತ ಸರ್ವರ್‌ನಲ್ಲಿ. ಆಧಾರ್ ದೃಢೀಕರಣದಲ್ಲಿ 300 ಎಂಬ ಕೋಡ್ ಬಂದರೆ ಬಯೋಮೆಟ್ರಿಕ್ ಹೊಂದಿಕೆಯಾಗಿಲ್ಲ ಎಂದರ್ಥ. 330 ಬಂದರೆ ಕಥೆಯೇ ಬೇರೆ. ನೀವು ಹಿಂದೆ ಯಾವಾಗಲೋ ಸುರಕ್ಷತೆಗಾಗಿ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದ್ದೀರಿ. ಬೆರಳು, ಕಣ್ಣುಪಾಪೆಯ ಜತೆ ಮುಖವೂ ಲಾಕ್ ಆಗಿರುತ್ತದೆ. ಅನ್‌ಲಾಕ್ ಮಾಡುವವರೆಗೆ ಎಂಥ ಬೆಳಕಿನಲ್ಲೂ ಆಗದು.

ಈ ಉದಾಹರಣೆಯಲ್ಲಿ 300 ಬಂದಿದೆ ಎನ್ನೋಣ. ಮರುದಿನ ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ಇನ್ನೊಮ್ಮೆ ನೋಡಿ, ಆಗಲೂ ಅದೇ ಉತ್ತರವಾದರೆ ಮುಖದ ದಾರಿಯನ್ನೇ ಬಿಡುವುದು ಒಳ್ಳೆಯದು. ಆಧಾರ್ ಫೋಟೊ ಆನ್‌ಲೈನ್‌ನಲ್ಲಿ ಬದಲಾಗುವುದಿಲ್ಲ, ಆಧಾರ್ ಕೇಂದ್ರಕ್ಕೇ ಹೋಗಬೇಕು. ಅದು ನವೀಕರಣವಾಗಿ ಬರುವಷ್ಟರಲ್ಲಿ ಗಡುವು ಮುಗಿಯಬಹುದು. ಹಾಗಾಗಿ ಈ ವರ್ಷಕ್ಕೆ ಬೆರಳಚ್ಚು ಅಥವಾ ಕಣ್ಣುಪಾಪೆ ಮೂಲಕ ಸಾಮಾನ್ಯ ಸೇವಾ ಕೇಂದ್ರದಲ್ಲಿ ಪ್ರಮಾಣಪತ್ರ ಮಾಡಿಸಬಹುದು. ಅಂಚೆ ಪಾವತಿ ಬ್ಯಾಂಕಿನ ಸಿಬ್ಬಂದಿಯನ್ನು ಮನೆಗೇ ಕರೆಸಬಹುದು. ಬ್ಯಾಂಕ್ ಶಾಖೆಗೆ ಹೋಗಿ ಕಾಗದದ ಪ್ರಮಾಣಪತ್ರಕ್ಕೆ ಸಹಿ ಹಾಕುವ ಹಳೆಯ ಪದ್ಧತಿಯೂ ರದ್ದಾಗಿಲ್ಲ. ಮುಂದಿನ ನವೆಂಬರ್‌ಗೆ ಮೊದಲು ಆಧಾರ್ ಫೋಟೊ ಬದಲಿಸಿಕೊಂಡರೆ ಇದೇ ತಾಪತ್ರಯ ಮರುಕಳಿಸದು.

ಕೊನೆಯದೊಂದು ಎಚ್ಚರಿಕೆ. ಮುಖ ಪಾಸ್ ಆಗಿ ಪ್ರಮಾಣ್ ಐಡಿ ಎಸ್‌ಎಂಎಸ್ ಬಂದರೂ, ಪಿಪಿಒ ಅಥವಾ ಖಾತೆ ಸಂಖ್ಯೆ ತಪ್ಪಾಗಿದ್ದರೆ ಪಿಂಚಣಿ ನೀಡುವ ಸಂಸ್ಥೆ ಅದನ್ನು ತಿರಸ್ಕರಿಸಬಹುದು. ಕೆಲವು ದಿನ ಬಿಟ್ಟು jeevanpramaan.gov.in ತಾಣದಲ್ಲಿ ಸ್ಥಿತಿ ನೋಡಿಕೊಳ್ಳಿ.

ಏನು ಮಾಡಿದರೂ ಆಗದಿದ್ದರೆ?

ಸುಪ್ರೀಂ ಕೋರ್ಟ್ ತೀರ್ಪು ಉಪಯೋಗಕ್ಕೆ ಬರುವುದು ಇಲ್ಲಿ. ಕೆವೈಸಿಯಲ್ಲಿ ಜೀವಂತಿಕೆ ಪರಿಶೀಲಿಸಲು ಕಣ್ಣು ಮಿಟುಕಿಸುವುದೊಂದೇ ಮಾನದಂಡವಾಗಬಾರದು, ಪರ್ಯಾಯ ವಿಧಾನಗಳಿರಬೇಕು ಎಂದು ಕೋರ್ಟ್ ಹೇಳಿದೆ. ಕಾಗದದ ಮೂಲಕ ಕೆವೈಸಿ ಮಾಡಿಸುವ ಅವಕಾಶ ಮುಂದುವರಿಯಬೇಕು. ಇಂಥ ತೊಂದರೆಯಿಂದ ಯಂತ್ರ ತಿರಸ್ಕರಿಸಿದ ಅರ್ಜಿಯನ್ನು ಮನುಷ್ಯರು, ಅಂದರೆ ಅದಕ್ಕೆಂದೇ ನೇಮಿಸಿದ ಅಧಿಕಾರಿ ಮರುಪರಿಶೀಲಿಸುವ ವ್ಯವಸ್ಥೆ ಇರಬೇಕು. ದೂರು ಸಲ್ಲಿಸಲು, ಸಹಾಯ ಪಡೆಯಲು ದಾರಿ ಇರಬೇಕು.

ಇದರ ಬೆನ್ನಿಗೇ 2025ರ ಆಗಸ್ಟ್‌ನಲ್ಲಿ ಆರ್‌ಬಿಐ ತನ್ನ ಕೆವೈಸಿ ನಿರ್ದೇಶನಗಳನ್ನು ತಿದ್ದುಪಡಿ ಮಾಡಿತು. ಲೈವ್‌ನೆಸ್ ಪರೀಕ್ಷೆಯ ಕಾರಣದಿಂದ ವಿಶೇಷ ಅಗತ್ಯವುಳ್ಳವರು ಹೊರಗುಳಿಯುವಂತಾಗಬಾರದು ಎಂದು ಅದು ಹೇಳಿದೆ. ವಿವೇಚನೆ ಬಳಸದೆ ಕೆವೈಸಿ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಸಂಬಂಧಿಸಿದ ಅಧಿಕಾರಿ ಕಾರಣ ದಾಖಲಿಸಬೇಕು.

ಆದ್ದರಿಂದ ಬ್ಯಾಂಕಿನವರು ‘ಸಿಸ್ಟಮ್ ತಗೊಳ್ತಿಲ್ಲ’ ಎಂದು ಕೈಚೆಲ್ಲಿದರೆ ಅಲ್ಲಿಗೇ ಬಿಡಬೇಡಿ. ಅರ್ಜಿ ತಿರಸ್ಕಾರಕ್ಕೆ ಏನು ಕಾರಣ ದಾಖಲಾಗಿದೆ ಎಂದು ಕೇಳಿ. ಶಾಖೆಯಲ್ಲೇ ಮುಖಾಮುಖಿ ಕೆವೈಸಿ ಮಾಡಿಕೊಡುವಂತೆ ಲಿಖಿತವಾಗಿ ಕೋರಿ. ಪ್ರತಿ ಪ್ರಯತ್ನದ ಸ್ಕ್ರೀನ್‌ಶಾಟ್, ದಿನಾಂಕ, ಸಮಯ ಇಟ್ಟುಕೊಳ್ಳಿ. ಬ್ಯಾಂಕಿಗೆ ದೂರು ನೀಡಿ 30 ದಿನಗಳಲ್ಲಿ ಉತ್ತರ ಸಿಗದಿದ್ದರೆ ಅಥವಾ ಸಿಕ್ಕ ಉತ್ತರ ತೃಪ್ತಿ ತರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರಬಹುದು. ಇದಕ್ಕೆ ಶುಲ್ಕವಿಲ್ಲ, cms.rbi.org.in ತಾಣದಲ್ಲಿ ಸಲ್ಲಿಸಬಹುದು. ಆಧಾರ್‌ಗೆ ಸಂಬಂಧಿಸಿದ ತೊಂದರೆಗೆ ಯುಐಡಿಎಐ ಸಹಾಯವಾಣಿ 1947.

ಆದರೆ ಈ ತೀರ್ಪಿನ ನಿರ್ದೇಶನಗಳಿರುವುದು ಕೆವೈಸಿ ಮತ್ತು ಡಿಜಿಟಲ್ ಸೇವೆಗಳಲ್ಲಿ ಅಂಗವಿಕಲರಿಗೆ ಆಗುವ ಅಡ್ಡಿಯ ಬಗ್ಗೆ. ಕ್ಯಾಬ್, ಡೆಲಿವರಿ ಆ್ಯಪ್‌ಗಳು ತಮ್ಮ ಕೆಲಸಗಾರರ ಮೇಲೆ ನಡೆಸುವ ದೈನಂದಿನ ಸೆಲ್ಫಿ ತಪಾಸಣೆಯನ್ನು ಅದು ನೇರವಾಗಿ ಮುಟ್ಟುವುದಿಲ್ಲ. ಮುಡಿ ಕೊಟ್ಟು ಬಂದ ಚಾಲಕನಿಗೆ ಈಗಲೂ ಕಂಪನಿಯ ಸಹಾಯ ಕೇಂದ್ರವೇ ಮೊದಲ ಬಾಗಿಲು.